ಸ್ಯಾಲರಿ ಸ್ಲಿಪ್ ಇಲ್ಲದ ಫ್ರೀಲಾನ್ಸರ್ ಮನೆ ಸಾಲಕ್ಕೆ ಆದಾಯ ತೋರಿಸುವುದು ಹೇಗೆ?

"ತಿಂಗಳಿಗೆ ಎಂಬತ್ತು ಸಾವಿರ ದುಡಿಯುತ್ತೇನೆ. ನಂಗಿಂತ ಕಡಿಮೆ ಸಂಬಳದ ಗೆಳೆಯನಿಗೆ ಸಾಲ ಆಯ್ತು, ನಂಗೆ ಆಗಲಿಲ್ಲ. ಯಾಕೆ?" ದಾವಣಗೆರೆ, ಚಿತ್ರದುರ್ಗ, ಹರಿಹರದ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರು ವೆಬ್‌ಸೈಟ್ ಮಾಡುವವರು, ವಿಡಿಯೊ ಎಡಿಟ್ ಮಾಡುವವರು, ಮನೆಯ ಪ್ಲಾನ್ ಬರೆಯುವವರು. ದುಡಿಮೆ ಇದೆ, ಸ್ಯಾಲರಿ ಸ್ಲಿಪ್ ಇಲ್ಲ.

ಸ್ಲಿಪ್ ಇಲ್ಲದ್ದರಿಂದಲೇ ಸಾಲ ತಪ್ಪುವುದು ಕಡಿಮೆ. ವ್ಯಾಪಾರಸ್ಥರಿಗೂ ಸ್ಲಿಪ್ ಇರುವುದಿಲ್ಲ, ಅವರಿಗೆ ಬ್ಯಾಂಕುಗಳು ದಿನಾ ಸಾಲ ಕೊಡುತ್ತವೆ. ಫ್ರೀಲಾನ್ಸರ್‌ಗಳ ಫೈಲ್ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಬೇರೆ ಕಡೆ. ಕೈಗೆ ಬರುವ ದುಡ್ಡು ಒಂದು, ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಬರೆದದ್ದು ಇನ್ನೊಂದು. ಬ್ಯಾಂಕ್ ಎರಡನೆಯದನ್ನು ನಂಬುತ್ತದೆ. ಈ ಲೇಖನ ಮನೆ ಸಾಲವನ್ನು ಇಟ್ಟುಕೊಂಡು ಬರೆದದ್ದು. ಸೈಟ್ ಅಥವಾ ಮನೆಯ ಕಾಗದಪತ್ರ, ಇ-ಖಾತೆ ಇವೆಲ್ಲ ಬೇರೆ ವಿಷಯ, ಇಲ್ಲಿ ಆದಾಯದ ಮಾತು ಮಾತ್ರ.

ಹಂತ 1: ಬ್ಯಾಂಕ್ ನೋಡುವ ಅಂಕಿ ಯಾವುದೆಂದು ಮೊದಲು ನೀವೇ ನೋಡಿ

ಬ್ಯಾಂಕಿಗೆ ಹೋಗುವ ಮುಂಚೆ ಕಳೆದ ಎರಡು ವರ್ಷದ ರಿಟರ್ನ್ ಡೌನ್‌ಲೋಡ್ ಮಾಡಿಕೊಳ್ಳಿ. incometax.gov.in ನಲ್ಲಿ ಲಾಗಿನ್ ಆದ ಮೇಲೆ ದಾರಿ ಇದು:

```
e-File > Income Tax Returns > View Filed Returns
```

ಒಂದು ಪುಟದ ಅಕ್ನಾಲೆಜ್‌ಮೆಂಟ್ ಮಾತ್ರ ಸಾಲದು, ಪೂರ್ತಿ ಫಾರ್ಮ್ ಕೂಡ ಇಳಿಸಿಕೊಳ್ಳಿ. ಅದರಲ್ಲಿ ಎರಡು ಅಂಕಿ ಹುಡುಕಿ. ಒಂದು, ವರ್ಷದ ಒಟ್ಟು ಸ್ವೀಕೃತಿ, ಅಂದರೆ ಗಿರಾಕಿಗಳಿಂದ ನಿಮಗೆ ಸಂದ ಒಟ್ಟು ಹಣ. ಇನ್ನೊಂದು, ಖರ್ಚು ಕಳೆದ ಮೇಲೆ ತೋರಿಸಿದ ಲಾಭ. ಸಾಮಾನ್ಯವಾಗಿ ಸಾಲದ ಲೆಕ್ಕ ನಡೆಯುವುದು ಈ ಲಾಭದ ಮೇಲೆ. ಒಟ್ಟು ಸ್ವೀಕೃತಿಯ ಮೇಲಲ್ಲ.

ಇಲ್ಲಿ 44ಎಡಿಎ ಎಂಬ ಸೆಕ್ಷನ್ ಬಗ್ಗೆ ಸ್ವಲ್ಪ ತಿಳಿದಿರಬೇಕು. ವೈದ್ಯರು, ವಕೀಲರು, ಎಂಜಿನಿಯರ್, ಆರ್ಕಿಟೆಕ್ಟ್, ಒಳಾಂಗಣ ವಿನ್ಯಾಸ, ಐಟಿ ಹೀಗೆ ಕೆಲವು ವೃತ್ತಿಯವರಿಗೆ ಸರ್ಕಾರ ಕೊಟ್ಟ ಸುಲಭದ ದಾರಿ ಅದು. ಒಟ್ಟು ಸ್ವೀಕೃತಿ 50 ಲಕ್ಷದ ಒಳಗಿದ್ದರೆ ಖರ್ಚಿನ ಲೆಕ್ಕಪುಸ್ತಕ ಬೇಡ, ಅರ್ಧವನ್ನು ಲಾಭ ಎಂದು ತೋರಿಸಿದರೆ ಸಾಕು. ನಗದು 5 ಶೇಕಡಾ ಮೀರದಿದ್ದರೆ ಮಿತಿ 75 ಲಕ್ಷ. ಹೆಚ್ಚಿನವರು ಕಣ್ಣು ಮುಚ್ಚಿಕೊಂಡು ಸರಿಯಾಗಿ 50 ಶೇಕಡಾ ಬರೆದು ಮುಗಿಸುತ್ತಾರೆ. ಆದರೆ ಕಾನೂನು ಹೇಳುವುದು "ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಗಳಿಸಿದ್ದರೆ ಆ ಮೊತ್ತ" ಎಂದು. ಎಡವಟ್ಟು ಶುರುವಾಗುವುದು ಇಲ್ಲೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಲೆಕ್ಕಕ್ಕಾಗಿ ಕಟ್ಟಿದ ಉದಾಹರಣೆ ಇದು. ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ವೆಬ್ ಡೆವಲಪರ್, ಹೆಸರು ಸಹನಾ ಅಂತಿಟ್ಟುಕೊಳ್ಳಿ. 2023-24ರಲ್ಲಿ ಅವರ ಒಟ್ಟು ಸ್ವೀಕೃತಿ 8.4 ಲಕ್ಷ, 2024-25ರಲ್ಲಿ 9.6 ಲಕ್ಷ. ಲ್ಯಾಪ್‌ಟಾಪ್, ಇಂಟರ್ನೆಟ್, ಸಾಫ್ಟ್‌ವೇರ್ ಚಂದಾ, ಆಗಾಗ ಸಹಾಯಕ್ಕೆ ಕರೆಯುವ ಹುಡುಗನ ದುಡ್ಡು, ಎಲ್ಲ ಕಳೆದು ನಿಜವಾಗಿ ಉಳಿದದ್ದು ಮೊದಲ ವರ್ಷ 6.2 ಲಕ್ಷ, ಎರಡನೆಯ ವರ್ಷ 6.9 ಲಕ್ಷ. ರಿಟರ್ನ್‌ನಲ್ಲಿ ಬರೆದದ್ದು ಮಾತ್ರ ನೇರ ಅರ್ಧ: 4.2 ಲಕ್ಷ ಮತ್ತು 4.8 ಲಕ್ಷ.

ಬ್ಯಾಂಕ್ ಎರಡು ವರ್ಷದ ಸರಾಸರಿ ತೆಗೆಯುತ್ತದೆ. 4.5 ಲಕ್ಷ, ಅಂದರೆ ತಿಂಗಳಿಗೆ 37,500. ಆ ಆದಾಯದಲ್ಲಿ ಎಲ್ಲ ಕಂತು ಸೇರಿ ಎಷ್ಟು ಹೋಗಬಹುದು ಎಂಬುದಕ್ಕೆ ಒಂದು ಮಿತಿ ಇರುತ್ತದೆ. ಬ್ಯಾಂಕಿನವರು ಅದನ್ನು ಎಫ್‌ಒಐಆರ್ ಅನ್ನುತ್ತಾರೆ. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಬದಲಾಗುತ್ತದೆ, ಅರ್ಧ ಎಂದಿಟ್ಟುಕೊಳ್ಳೋಣ. 18,750 ಆಯ್ತು. ಸಹನಾ ಅವರ ಸ್ಕೂಟರ್ ಕಂತು 3,750 ಕಳೆಯಿರಿ, ಉಳಿದದ್ದು 15,000. 9 ಶೇಕಡಾ ಬಡ್ಡಿಗೆ 20 ವರ್ಷದ ಸಾಲವಾದರೆ ಲಕ್ಷಕ್ಕೆ ಸುಮಾರು 900 ರೂಪಾಯಿ ಕಂತು. ಹಾಗಾಗಿ ಸಿಗುವುದು ಹದಿನಾರೂವರೆ ಲಕ್ಷದ ಆಸುಪಾಸು. ಅವರು ಕೇಳಿದ್ದು 25 ಲಕ್ಷ.

ನಿಜವಾದ ಲಾಭ ತೋರಿಸಿದ್ದರೆ? ಸರಾಸರಿ 6.55 ಲಕ್ಷ, ತಿಂಗಳಿಗೆ ಸುಮಾರು 54,580. ಅರ್ಧ 27,290, ಸ್ಕೂಟರ್ ಕಂತು ಕಳೆದರೆ 23,540. ಅದೇ ಬಡ್ಡಿಗೆ 26 ಲಕ್ಷದವರೆಗೆ ಸಾಲ.

ತೆರಿಗೆ ಜಾಸ್ತಿ ಬೀಳುತ್ತಿತ್ತಲ್ಲ ಅಂತ ನೀವು ಕೇಳಬಹುದು. ಬೀಳುತ್ತಿರಲಿಲ್ಲ. ಆ ಎರಡೂ ವರ್ಷ ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಸಹನಾ 4.8 ಬರೆದರೂ ಸೊನ್ನೆ, 6.9 ಬರೆದರೂ ಸೊನ್ನೆ. ಒಂದು ರೂಪಾಯಿ ಉಳಿಯದ ಕಡೆ ಒಂಬತ್ತು ಲಕ್ಷಕ್ಕೂ ಜಾಸ್ತಿ ಸಾಲದ ಅರ್ಹತೆ ಕಳೆದುಕೊಂಡರು. 2025-26ರ ಆದಾಯಕ್ಕೆ ಈ ಮಿತಿ 12 ಲಕ್ಷಕ್ಕೆ ಏರಿದೆ. ಹಾಗಿದ್ದೂ ಅಭ್ಯಾಸಬಲದಿಂದ ಅರ್ಧ ಬರೆಯುವವರು ಬಹಳ ಮಂದಿ ಇದ್ದಾರೆ. ಆಡಿಟರ್ ಕೇಳುವುದಿಲ್ಲ, ನಾವು ಹೇಳುವುದಿಲ್ಲ.

ಇನ್ನೂ ಕಷ್ಟದ ಪ್ರಕರಣ 44ಎಡಿ. ಅದು ವ್ಯಾಪಾರಕ್ಕೆ ಇರುವ ಸೆಕ್ಷನ್. ಬ್ಯಾಂಕ್ ಮೂಲಕ ಬಂದ ಹಣಕ್ಕೆ 6 ಶೇಕಡಾ, ನಗದಿಗೆ 8 ಶೇಕಡಾ ಲಾಭ ತೋರಿಸಿದರೆ ಸಾಕು. ಫ್ರೀಲಾನ್ಸರ್ ಒಬ್ಬರ ರಿಟರ್ನ್ ಅನ್ನು ಇದರಡಿ ಹಾಕಿ, 10 ಲಕ್ಷಕ್ಕೆ 60,000 ಲಾಭ ಬರೆದರೆ ಬ್ಯಾಂಕಿನ ಕಣ್ಣಿಗೆ ಅವರ ಆದಾಯ ತಿಂಗಳಿಗೆ 5,000. ಯಾವ ಮ್ಯಾನೇಜರ್ ಪರಿಚಯವಿದ್ದರೂ ಆ ಫೈಲ್ ನಡೆಯುವುದಿಲ್ಲ. ನಿಮ್ಮ ಕೆಲಸ ಯಾವ ಸೆಕ್ಷನ್‌ಗೆ ಬರುತ್ತದೆ ಎಂದು ಆಡಿಟರ್ ಹತ್ತಿರ ಕೂತು ಕೇಳಿ.

ತಪ್ಪು ಕಂಡರೆ ಗಡುವಿನೊಳಗೆ ರಿವೈಸ್ಡ್ ರಿಟರ್ನ್ ಹಾಕಬಹುದು. 2024-25ರ ಆದಾಯಕ್ಕೆ ಆ ಗಡುವು 2025 ಡಿಸೆಂಬರ್ 31 ಇತ್ತು. ಗಡುವು ದಾಟಿದ್ದರೆ ಮುಂದಿನ ರಿಟರ್ನ್ ಸರಿಯಾಗಿ ಹಾಕಿ, ಆಮೇಲೆ ಅರ್ಜಿ ಕೊಡಿ. ಸಾಲಕ್ಕೋಸ್ಕರ ಇಲ್ಲದ ಲಾಭವನ್ನು ಬರೆಯುವುದು ಮಾತ್ರ ಬೇಡ. ಅದು ಮುಂದಿನ ಹಂತದಲ್ಲೇ ಸಿಕ್ಕಿಬೀಳುತ್ತದೆ.

ಹಂತ 2: ಮೂರು ಕಾಗದ ಒಂದೇ ಮಾತು ಹೇಳುತ್ತಿವೆಯಾ?

ಸಾಲದ ಅಧಿಕಾರಿ ಮೂರು ಕಾಗದ ಅಕ್ಕಪಕ್ಕ ಇಟ್ಟು ನೋಡುತ್ತಾರೆ: ರಿಟರ್ನ್, 26ಎಎಸ್, ಬ್ಯಾಂಕ್ ಸ್ಟೇಟ್‌ಮೆಂಟ್. 26ಎಎಸ್ ಅಂದರೆ ನಿಮ್ಮ ಪ್ಯಾನ್ ಹೆಸರಲ್ಲಿ ಯಾರು ಯಾರು ಎಷ್ಟು ಟಿಡಿಎಸ್ ಕಟ್ಟಿದ್ದಾರೆ ಎಂಬ ಪಟ್ಟಿ. ಟಿಡಿಎಸ್ ಅಂದರೆ ಗಿರಾಕಿ ನಿಮ್ಮ ಬಿಲ್ಲಿನಿಂದ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಟಿಡಿಎಸ್ ಹಿಡಿದರು ಅಂತ ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ. ಆದರೆ ಸಾಲದ ಫೈಲಿಗೆ ಅದು ಬಹಳ ಒಳ್ಳೆಯ ಸಾಕ್ಷಿ. ನಿಮ್ಮ ದುಡಿಮೆಯನ್ನು ಇನ್ನೊಬ್ಬರು ಸರ್ಕಾರದ ಮುಂದೆ ಒಪ್ಪಿಕೊಂಡ ಹಾಗೆ.

ಎಲ್ಲರೂ ಮಾಡುವ ಒಂದು ತಪ್ಪು ಕೇಳಿ. ಸಹನಾ ಬೆಂಗಳೂರಿನ ಒಂದು ಏಜೆನ್ಸಿಗೆ ತಿಂಗಳಿಗೆ 40,000ದ ಬಿಲ್ ಕೊಡುತ್ತಾರೆ. ಏಜೆನ್ಸಿ 10 ಶೇಕಡಾ ಹಿಡಿದು 36,000 ಹಾಕುತ್ತದೆ. ವರ್ಷಕ್ಕೆ ಖಾತೆಗೆ ಬಂದದ್ದು 4.32 ಲಕ್ಷ. ಆದರೆ ಅವರ ಸ್ವೀಕೃತಿ 4.8 ಲಕ್ಷ, 26ಎಎಸ್‌ನಲ್ಲಿ ಕಾಣುವುದೂ ಅದೇ. ಪಾಸ್‌ಬುಕ್ ನೋಡಿ ರಿಟರ್ನ್ ಬರೆದರೆ 48,000 ಕಡಿಮೆಯಾಗುತ್ತದೆ. ಬ್ಯಾಂಕಿಗೆ ಅನುಮಾನ, ಇನ್‌ಕಮ್ ಟ್ಯಾಕ್ಸ್‌ನಿಂದ ನೋಟಿಸ್ ಬರುವ ಸಂಭವ ಬೇರೆ. ಬಿಲ್ಲಿನ ಪೂರ್ತಿ ಮೊತ್ತವನ್ನೇ ಸ್ವೀಕೃತಿ ಎಂದು ಬರೆಯಬೇಕು. ಹಿಡಿದ 48,000 ರೀಫಂಡ್ ಆಗಿ ವಾಪಸ್ ಬರುತ್ತದೆ. ಆ ರೀಫಂಡ್ ಆದಾಯವಲ್ಲ.

ಮಾರ್ಚ್ ಬಿಲ್ಲಿಗೆ ಏಪ್ರಿಲ್‌ನಲ್ಲಿ ಹಣ ಬಂದಿದ್ದರೆ ಸಣ್ಣ ವ್ಯತ್ಯಾಸ ಉಳಿಯುತ್ತದೆ. ಹೆದರಬೇಡಿ. ಒಂದು ಹಾಳೆಯಲ್ಲಿ "ಇಷ್ಟು ಟಿಡಿಎಸ್, ಇಷ್ಟು ಏಪ್ರಿಲ್‌ಗೆ ಹೋದದ್ದು" ಎಂದು ಕೂಡಿ ಕಳೆದು ತೋರಿಸಿದರೆ ಅಧಿಕಾರಿಯ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತೆ.

ರಿಟರ್ನ್ ಹಾಕಿದ ತಾರೀಖನ್ನೂ ಅವರು ನೋಡುತ್ತಾರೆ. ಎರಡು ವರ್ಷದ ರಿಟರ್ನ್ ಒಂದೇ ವಾರದಲ್ಲಿ ಹಾಕಿದ್ದರೆ ಸಾಲಕ್ಕೆಂದೇ ಹಾಕಿದ್ದು ಎಂದು ಗೊತ್ತಾಗಿಬಿಡುತ್ತದೆ. ಇ-ವೆರಿಫೈ ಆಗದ ರಿಟರ್ನ್ ಹಾಕಿಯೂ ಹಾಕದ ಹಾಗೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಹಂತ 3: ಸ್ಟೇಟ್‌ಮೆಂಟ್ ಸ್ವಚ್ಛ ಮಾಡುವುದು ಆರು ತಿಂಗಳ ಕೆಲಸ

ಆರರಿಂದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅದರಲ್ಲಿ ಬಂದ ಹಣವೆಲ್ಲ ಆದಾಯ ಅಂತ ನೀವು ಅಂದುಕೊಂಡರೆ ತಪ್ಪು. ನಿಮ್ಮದೇ ಇನ್ನೊಂದು ಖಾತೆಯಿಂದ ಬಂದದ್ದು, ಅಪ್ಪ ಕಳಿಸಿದ್ದು, ಗೆಳೆಯನ ಕೈಸಾಲ, ವೈಯಕ್ತಿಕ ಸಾಲದ ಹಣ, ಇವನ್ನೆಲ್ಲ ತೆಗೆದುಹಾಕಿ ಉಳಿದದ್ದನ್ನು ಮಾತ್ರ ಎಣಿಸುತ್ತಾರೆ.

ಹಾಗಾಗಿ ಅರ್ಜಿಗೆ ಕನಿಷ್ಠ ಆರು ತಿಂಗಳ ಮುಂಚೆ ಒಂದು ಖಾತೆಯನ್ನು ದುಡಿಮೆಗೆಂದೇ ಇಡಿ. ಗಿರಾಕಿಗಳ ಹಣ ಅಲ್ಲಿಗೇ ಬರಲಿ. ಮನೆ ಖರ್ಚಿಗೆ ತಿಂಗಳಿಗೊಮ್ಮೆ ಇನ್ನೊಂದು ಖಾತೆಗೆ ಕಳಿಸಿಕೊಳ್ಳಿ. ನಮ್ಮೂರಿನ ಗಿರಾಕಿಗಳ ಜೊತೆ ಬರುವ ತೊಂದರೆ ನಗದು. ಮಂಡಿಪೇಟೆಯ ಅಂಗಡಿಯವರು ವೆಬ್‌ಸೈಟ್ ಮಾಡಿಸಿಕೊಂಡು ಕೈಗೆ ನೋಟು ಕೊಡುತ್ತಾರೆ. ಅದು ಜೇಬಿನಲ್ಲೇ ಕರಗಿದರೆ ಬ್ಯಾಂಕಿನ ಲೆಕ್ಕದಲ್ಲಿ ಆ ಕೆಲಸ ನೀವು ಮಾಡೇ ಇಲ್ಲ. ಯುಪಿಐ ಮಾಡಿ ಅಂತ ಕೇಳಿ. ನಗದೇ ಕೊಟ್ಟರೆ ರಸೀದಿ ಬರೆದು, ಅದೇ ವಾರ ಖಾತೆಗೆ ಕಟ್ಟಿ. ಅರ್ಜಿ ಹಾಕುವ ಹಿಂದಿನ ವಾರ ಎರಡು ಲಕ್ಷ ನಗದು ಒಟ್ಟಿಗೆ ಕಟ್ಟುವುದು ಬೇಡವೇ ಬೇಡ. ಅದರಿಂದ ಉಪಯೋಗಕ್ಕಿಂತ ಪ್ರಶ್ನೆಗಳೇ ಹುಟ್ಟುತ್ತವೆ.

ಅವರು ನೋಡುವ ಇನ್ನೆರಡು ವಿಷಯ: ತಿಂಗಳ ನಡುವೆ ಬ್ಯಾಲೆನ್ಸ್ ಎಷ್ಟಿರುತ್ತದೆ, ಮತ್ತು ಹಳೆಯ ಕಂತು ಯಾವತ್ತಾದರೂ ಬೌನ್ಸ್ ಆಗಿದೆಯಾ. ಹಣ ಬಂದ ದಿನವೇ ಖಾಲಿ ಆಗುವ ಖಾತೆ ಯಾರಿಗೂ ಧೈರ್ಯ ಕೊಡುವುದಿಲ್ಲ. ಕಂತಿನ ಎರಡರಷ್ಟು ಹಣ ಯಾವಾಗಲೂ ಉಳಿಯುವ ಹಾಗೆ ಇಡಿ. ಬೌನ್ಸ್ ಒಂದಾಗಿದ್ದರೂ ಕಾರಣ ಹೇಳಲು ಸಿದ್ಧರಾಗಿರಿ.

ಸ್ಟೇಟ್‌ಮೆಂಟ್ ಪಿಡಿಎಫ್ ಅನ್ನು ನೆಟ್‌ಬ್ಯಾಂಕಿಂಗ್‌ನಿಂದ ಇಳಿಸಿದ ಹಾಗೆಯೇ ಕೊಡಿ. ಅದರೊಳಗೆ ಏನನ್ನೂ ತಿದ್ದಬೇಡಿ. ಫೈಲ್ ತಿದ್ದಿದ್ದನ್ನು ಹಿಡಿಯುವ ಸಾಫ್ಟ್‌ವೇರ್‌ಗಳಿವೆ. ಸಿಕ್ಕಿಬಿದ್ದರೆ ಸಾಲ ಹೋಗುವುದಷ್ಟೇ ಅಲ್ಲ, ವಂಚನೆಯ ಕೇಸು. ಗುರುತು ಹಾಕಬೇಕಿದ್ದರೆ ಪ್ರಿಂಟ್ ಮೇಲೆ ಪೆನ್ನಿನಿಂದ, ಗಿರಾಕಿಯ ಹೆಸರು ಮತ್ತು ಬಿಲ್ ನಂಬರ್ ಬರೆಯಿರಿ.

ಹಂತ 4: ಕೆಲಸ ಇದೆ ಎಂಬುದಕ್ಕೆ ಪುರಾವೆ

ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಮಾಡಿಕೊಳ್ಳಿ. udyamregistration.gov.in ನಲ್ಲಿ ಆಧಾರ್, ಪ್ಯಾನ್ ಇದ್ದರೆ ಸಾಕು, ಪೂರ್ತಿ ಉಚಿತ. ಸರ್ಕಾರಿ ಸೈಟ್‌ನಂತೆಯೇ ಕಾಣುವ ಖಾಸಗಿ ಸೈಟ್‌ಗಳು ದುಡ್ಡು ಕೇಳುತ್ತವೆ, ವಿಳಾಸ ನೋಡಿಕೊಳ್ಳಿ. ಸರ್ಟಿಫಿಕೇಟ್‌ನಲ್ಲಿ ನೋಂದಣಿಯ ತಾರೀಖು ಬೇರೆ, ಕೆಲಸ ಶುರುವಾದ ತಾರೀಖು ಬೇರೆ ಇರುತ್ತದೆ. ಶುರುವಾದ ತಾರೀಖು ನಿಮ್ಮ ಮೊದಲ ಬಿಲ್, ರಿಟರ್ನ್‌ಗಳ ಜೊತೆ ಹೊಂದಬೇಕು.

ಕರ್ನಾಟಕದಲ್ಲಿ ಸ್ವಂತ ವೃತ್ತಿಯವರು ಕಟ್ಟುವ ವೃತ್ತಿ ತೆರಿಗೆಯ ಎನ್ರೋಲ್‌ಮೆಂಟ್ ಸರ್ಟಿಫಿಕೇಟ್ ಇದ್ದರೆ ಇನ್ನೂ ಗಟ್ಟಿ. ಸೇವೆಗಳಿಗೆ ಜಿಎಸ್‌ಟಿ ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ಮೀರಿದಾಗ ಕಡ್ಡಾಯ. ಸಾಲಕ್ಕೋಸ್ಕರ ಸುಮ್ನೆ ಜಿಎಸ್‌ಟಿ ಮಾಡಿಸಬೇಡಿ, ಆಮೇಲೆ ರಿಟರ್ನ್ ಹಾಕುತ್ತಾ ಕೂರಬೇಕು. ಮೊದಲೇ ಇದ್ದರೆ ಅದರಲ್ಲಿನ ವಹಿವಾಟು ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನ ಅಂಕಿಗೆ ಹೊಂದಬೇಕು.

ಏಜೆನ್ಸಿಯ ಒಪ್ಪಂದ ಪತ್ರ ಇದ್ದರೆ ಸೇರಿಸಿ. ಒಪ್ಪಂದ ಇಲ್ಲ ಅಂದರೆ, ಎಷ್ಟು ವರ್ಷದಿಂದ ಕೆಲಸ ಕೊಡುತ್ತಿದ್ದಾರೆ ಎಂದು ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ.

ಹಂತ 5: ಆಡಿಟರ್ ಹತ್ತಿರ ಏನು ಕೇಳಬೇಕು

ಎರಡು ವರ್ಷದ ಆದಾಯ ಲೆಕ್ಕದ ಹಾಳೆ, ಲಾಭ-ನಷ್ಟ ಪಟ್ಟಿ, ಬ್ಯಾಲೆನ್ಸ್ ಶೀಟ್. 44ಎಡಿಎ ಅಡಿ ಲೆಕ್ಕಪುಸ್ತಕ ಬೇಡ ಎಂಬುದು ಇನ್‌ಕಮ್ ಟ್ಯಾಕ್ಸ್‌ನ ಮಾತು. ಬ್ಯಾಂಕ್ ಸಾಮಾನ್ಯವಾಗಿ ಇವನ್ನು ಕೇಳಿಯೇ ಕೇಳುತ್ತದೆ. ಪಟ್ಟಿಯ ಲಾಭ ರಿಟರ್ನ್‌ನ ಲಾಭಕ್ಕೆ ರೂಪಾಯಿ ರೂಪಾಯಿ ಹೊಂದಬೇಕು.

ಸಿಎ ಸಹಿಯ ಜೊತೆ ಯುಡಿಐಎನ್ ಇದೆಯಾ ನೋಡಿ. ಸಿಎ ಕೊಡುವ ಪ್ರತಿ ಪ್ರಮಾಣಪತ್ರಕ್ಕೂ ಇರಬೇಕಾದ 18 ಅಕ್ಷರ-ಅಂಕಿಗಳ ಗುರುತು ಅದು. ಬ್ಯಾಂಕಿನವರು udin.icai.org ನಲ್ಲಿ ಹಾಕಿ ನಿಜವೋ ಸುಳ್ಳೋ ನೋಡುತ್ತಾರೆ. ನೀವೂ ನೋಡಬಹುದು. ರಿಟರ್ನ್ ಹಾಕಿಕೊಡುವವರೆಲ್ಲ ಸಿಎ ಅಲ್ಲ. ನಮ್ಮಲ್ಲಿ ಎಲ್ಲರನ್ನೂ ಆಡಿಟರ್ ಅಂತಲೇ ಕರೆಯುವುದರಿಂದ ಇದನ್ನು ಮೊದಲೇ ಕೇಳಿಕೊಳ್ಳಿ. ಸಿಎ ಅಲ್ಲದವರಿಗೆ ಯುಡಿಐಎನ್ ಸಿಗುವುದಿಲ್ಲ.

ಹಂತ 6: ಕೊಡಬಾರದ ಕಾಗದಗಳು

ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಫೈಲಿಗೆ ಹಾಕುವವರು ಬಹಳ. ಹೆಸರಲ್ಲೇ "ಆದಾಯ" ಇದೆ, ತಹಶೀಲ್ದಾರರ ಸಹಿ ಇದೆ, ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತದೆ ಅಲ್ವಾ? ಅದು ಇರುವುದು ವಿದ್ಯಾರ್ಥಿವೇತನ, ಮೀಸಲಾತಿ, ಸರ್ಕಾರಿ ಯೋಜನೆಗಳಿಗೆ. ಸಾಲದ ಲೆಕ್ಕಕ್ಕೆ ಅದರಿಂದ ಉಪಯೋಗವಿಲ್ಲ. ಅದರಲ್ಲಿ ವರ್ಷಕ್ಕೆ 60,000 ಅಂತಿದ್ದು, ರಿಟರ್ನ್‌ನಲ್ಲಿ ಆರು ಲಕ್ಷ ಇದ್ದರೆ ಯಾವುದು ನಿಜ ಎಂದು ಕೇಳುತ್ತಾರೆ. ಉತ್ತರ ಇರುವುದಿಲ್ಲ. ವಿಳಾಸಕ್ಕೆ ಬಿಪಿಎಲ್ ಕಾರ್ಡ್ ಕೊಟ್ಟರೂ ಇದೇ ಕಥೆ. ಬಡವರ ಕಾರ್ಡ್ ಮತ್ತು 25 ಲಕ್ಷದ ಸಾಲದ ಅರ್ಜಿ ಒಂದೇ ಫೈಲಿನಲ್ಲಿ ಕೂರುವುದಿಲ್ಲ. ಅರ್ಹತೆ ಮೀರಿದ್ದರೆ ಆ ಕಾರ್ಡಿನ ವಿಷಯವನ್ನು ಮೊದಲು ಆಹಾರ ಇಲಾಖೆಯಲ್ಲಿ ಸರಿಮಾಡಿಕೊಳ್ಳಿ.

ಗೆಳೆಯನ ಕಂಪನಿಯಿಂದ ಮೂರು ಸ್ಯಾಲರಿ ಸ್ಲಿಪ್ ಬರೆಸಿಕೊಡುತ್ತೇನೆ ಎನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಸಂಬಳ ಖಾತೆಗೆ ಬಂದಿಲ್ಲ, ಪಿಎಫ್ ಇಲ್ಲ, 26ಎಎಸ್‌ನಲ್ಲಿ ಆ ಕಂಪನಿ ಇಲ್ಲ. ಒಂದು ದಿನದಲ್ಲಿ ಗೊತ್ತಾಗುತ್ತದೆ.

ಹಂತ 7: ಅರ್ಜಿ ಮತ್ತು ಮನೆಗೆ ಬರುವ ವ್ಯಕ್ತಿ

ಮೊದಲು ಕ್ರೆಡಿಟ್ ರಿಪೋರ್ಟ್ ತೆಗೆಯಿರಿ. ಸಿಬಿಲ್ ಸೇರಿ ನಾಲ್ಕು ಸಂಸ್ಥೆಗಳಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ಈಗಲೇ ದೂರು ಹಾಕಿ. ಆಮೇಲೆ ಒಂದು, ಹೆಚ್ಚೆಂದರೆ ಎರಡು ಬ್ಯಾಂಕಿಗೆ ಮಾತ್ರ ಅರ್ಜಿ ಕೊಡಿ. ಪ್ರತಿ ಅರ್ಜಿಯ ವಿಚಾರಣೆಯೂ ರಿಪೋರ್ಟ್‌ನಲ್ಲಿ ಉಳಿಯುತ್ತದೆ. ಒಂದೇ ವಾರದಲ್ಲಿ ಐದು ಕಡೆ ಕೇಳಿದವರನ್ನು ಆರನೆಯವರು ಅನುಮಾನದಿಂದ ನೋಡುತ್ತಾರೆ.

ಅನೇಕ ಬ್ಯಾಂಕುಗಳಲ್ಲಿ ತೀರ್ಮಾನ ಶಾಖೆಯಲ್ಲಿ ಆಗುವುದಿಲ್ಲ, ಫೈಲ್ ಬೇರೆ ಊರಿನ ಸಾಲ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿರುವವರು ನಿಮ್ಮನ್ನು ನೋಡಿಲ್ಲ. ಆದ್ದರಿಂದ ಫೈಲಿನ ಮೇಲೆ ಒಂದು ಪುಟದ ಪತ್ರ ಇಡಿ: ಏನು ಕೆಲಸ, ಎಷ್ಟು ವರ್ಷದಿಂದ, ಮುಖ್ಯ ಗಿರಾಕಿಗಳು ಯಾರು, ಎರಡು ವರ್ಷದ ಸ್ವೀಕೃತಿ ಮತ್ತು ಲಾಭ ಎಷ್ಟು, ಹಂತ 2ರ ವ್ಯತ್ಯಾಸದ ಲೆಕ್ಕ.

ಸ್ವಲ್ಪ ದಿನಕ್ಕೆ ಬ್ಯಾಂಕಿನ ಪರವಾಗಿ ಒಬ್ಬರು ಮನೆಗೆ ಬರುತ್ತಾರೆ. ಹೇಳದೆಯೂ ಬರಬಹುದು. ನೀವು ಇಲ್ಲದಾಗ ಬಂದು ಅಮ್ಮನನ್ನು "ನಿಮ್ಮ ಮಗಳು ಏನು ಕೆಲಸ ಮಾಡ್ತಾಳೆ?" ಎಂದು ಕೇಳುತ್ತಾರೆ. "ಕೆಲಸ ಏನೂ ಇಲ್ಲಪ್ಪಾ, ಮನೇಲೇ ಇರ್ತಾಳೆ, ಯಾವಾಗ್ಲೂ ಕಂಪ್ಯೂಟರ್ ಮುಂದೆ" ಅಂದರೆ ಮುಗೀತು, ವರದಿಯಲ್ಲಿ ಅದೇ ಬರುತ್ತದೆ. ಎದುರು ಮನೆಯವರನ್ನೂ ಕೇಳುತ್ತಾರೆ. ಮನೆಯವರಿಗೆ ಮೊದಲೇ ಹೇಳಿಡಿ. ಕೆಲಸದ ಮೇಜು, ಬಿಲ್ಲುಗಳ ಫೈಲ್, ಬಾಗಿಲ ಹತ್ತಿರ ಹೆಸರಿನ ಸಣ್ಣ ಫಲಕ ಇದ್ದರೆ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಲೆಕ್ಕ ಹಾಕಿದ ಮೇಲೂ ಬೇಕಾದಷ್ಟು ಬರದಿದ್ದರೆ ಎರಡು ದಾರಿ. ಸಂಬಳ ಅಥವಾ ಪಿಂಚಣಿ ಇರುವ ಗಂಡ, ಹೆಂಡತಿ, ಅಪ್ಪ, ಅಮ್ಮ ಯಾರನ್ನಾದರೂ ಜಂಟಿ ಅರ್ಜಿದಾರರಾಗಿ ಸೇರಿಸಬಹುದು. ಅವರ ಆದಾಯ ಕೂಡುತ್ತದೆ, ಆದರೆ ಸಾಲದ ಹೊಣೆಯೂ ಅವರ ಮೇಲೆ ಬರುತ್ತದೆ. ಇನ್ನೊಂದು, ಕೆಲವು ಖಾಸಗಿ ಬ್ಯಾಂಕ್ ಮತ್ತು ಹೌಸಿಂಗ್ ಫೈನಾನ್ಸ್ ಕಂಪನಿಗಳು ರಿಟರ್ನ್‌ಗಿಂತ ಖಾತೆಯ ಸರಾಸರಿ ಬ್ಯಾಲೆನ್ಸ್ ಅಥವಾ ಒಟ್ಟು ಸ್ವೀಕೃತಿ ನೋಡಿ ಸಾಲ ಕೊಡುತ್ತವೆ. ಬಡ್ಡಿ ಸಾಮಾನ್ಯವಾಗಿ ಜಾಸ್ತಿ. ನನ್ನನ್ನು ಕೇಳಿದರೆ, ಒಂದು ವರ್ಷ ಕಾದು ಒಂದು ರಿಟರ್ನ್ ಸರಿಯಾಗಿ ಹಾಕುವುದು ಮೇಲು. 20 ಲಕ್ಷಕ್ಕೆ 20 ವರ್ಷ 9ರ ಬದಲು 11 ಶೇಕಡಾ ಕಟ್ಟಿದರೆ ಕಂತು 18,000ದಿಂದ 20,600ಕ್ಕೆ ಏರುತ್ತದೆ. ತಿಂಗಳಿಗೆ 2,600ರಂತೆ 240 ತಿಂಗಳು.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. "ಆದಾಯ ಸಾಲದು" ಎಂದಿದ್ದರೆ ಹಂತ 1ಕ್ಕೆ, "ಆದಾಯ ಹೊಂದುತ್ತಿಲ್ಲ" ಎಂದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ.